ಕುರ್ಲಾದ ಹಳಿಯ ಮೇಲೆ ಇನ್ನೆಷ್ಟು ಹೆಣ?

ಕುರ್ಲಾ ಸ್ಟೇಷನ್ನಿನ ಹಳಿಗಳ ಮೇಲೆ ನಾವು ಮುಂಬಯಿಯ ಕನ್ನಡ ಕತೆಗಾರರು ಸಾಯಿಸಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಊರಿಂದ ಬಂದ ಹುಡುಗ, ಹೋಟೆಲ್ ಕೆಲಸ, ಊರಲ್ಲಿ ಹುಷಾರಿಲ್ಲದ ಅಮ್ಮ, ಕೊನೆಗೆ ಒಂದು ಲೋಕಲ್ ಟ್ರೇನು. ರೈಲು ಬಡಿಯದಿದ್ದರೆ ಮಳೆ ಬರುತ್ತದೆ, ಮಿಠಿ ನದಿ ಉಕ್ಕುತ್ತದೆ. ಈ ಊರಿನಲ್ಲಿ ಹಳಿ ದಾಟುವಾಗ ಜನ ನಿಜಕ್ಕೂ ಸಾಯುತ್ತಾರೆ, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಕತೆಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ರೈಲು ಬಂದದ್ದರಿಂದ ಸಾಯುವುದಿಲ್ಲ. ಬರೆಯುವವರ ಮುಂದಿನ ಹಾಳೆಯಲ್ಲಿ ತ್ರಿಕೋನವೊಂದಿರುತ್ತದೆ, ಅದರ ತುದಿಯ ಚೌಕ ಖಾಲಿ ಇರುತ್ತದೆ, ಅದನ್ನು ಏನಾದರೂ ಹಾಕಿ ತುಂಬಬೇಕಾಗಿರುತ್ತದೆ. ಅದಕ್ಕೇ ಅವರು ಸಾಯುತ್ತಾರೆ.

ಆ ಹಾಳೆಯ ಹೆಸರು ಪ್ಲಾಟ್ ಪಿರಮಿಡ್. ಕ್ರಿಯೇಟಿವ್ ರೈಟಿಂಗ್ ಪೇಪರ್ ತೆಗೆದುಕೊಂಡವರಿಗೆಲ್ಲ ಗೊತ್ತಿರುತ್ತದೆ. ನೆಹರೂನಗರದಲ್ಲಿ ನಮ್ಮದೇ ಬಿಲ್ಡಿಂಗಿನ ಹುಡುಗಿಯೊಬ್ಬಳು ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ. ಕುಂದಾಪುರದ ಕಡೆಯ ಮನೆಯವರು. ಅವಳಿಗೆ ಒಂದೂವರೆ ಸಾವಿರ ಪದಗಳ ಸಣ್ಣಕತೆ ಬರೆಯುವ ಅಸೈನ್‌ಮೆಂಟ್ ಬಂದಿತ್ತು, ಯಾವ ಭಾಷೆಯಲ್ಲಾದರೂ ಬರೆಯಬಹುದು. ಕತೆಗೆ ಒಂದು ವಾರ ಮೊದಲು ಔಟ್‌ಲೈನ್ ಕೊಡಬೇಕು. ಹಾಳೆಯ ಮೇಲೆ ತ್ರಿಕೋನ, ಅದರ ಸುತ್ತ ಐದು ಚೌಕ: ಆರಂಭ, ಏರಿಕೆ, ಶಿಖರ, ಇಳಿಕೆ, ಮುಕ್ತಾಯ. ಅವಳು ಕನ್ನಡದಲ್ಲೇ ಬರೆಯುತ್ತೇನೆ ಎಂದು ಹಟ ಹಿಡಿದು, ಹಾಳೆ ತುಂಬಿಸಿ, ನನ್ನ ಹತ್ತಿರ ತಂದಳು.

ಇಂಥ ಹಾಳೆಯ ಮಾತು ತೆಗೆದರೆ ನಮ್ಮ ಬಳಗ ತಕ್ಷಣ ಎರಡು ಹೋಳಾಗುತ್ತದೆ. ಹಿರಿಯರು ಮೂಗು ಮುರಿಯುತ್ತಾರೆ. ಕತೆ ತಾನಾಗಿ ಹುಟ್ಟಬೇಕು, ಬಸುರಿಗೆ ಟೈಮ್‌ಟೇಬಲ್ ಕೊಡುತ್ತಾರೆಯೇ ಎನ್ನುತ್ತಾರೆ. ಪಾಠ ಹೇಳುವವರ ಪಕ್ಷ ಬೇರೆ: ಐದೂ ಚೌಕ ತುಂಬಿದೆಯಾ, ತುಂಬಿದೆ, ಹಾಗಾದರೆ ಕತೆ ಇದೆ, ಮಾರ್ಕು ತಗೋ. ನನಗೆ ಎರಡೂ ಪಕ್ಷಗಳ ಮೇಲೆ ಸಿಟ್ಟಿದೆ. ಮೊದಲಿನವರ ಮಾತನ್ನು ನಂಬಿ ಬರೆಯಲು ಕೂತವರು ಅರ್ಧ ಬರೆದು ನಿಲ್ಲಿಸಿದ ಕತೆಗಳು ನಮ್ಮೆಲ್ಲರ ಲ್ಯಾಪ್‌ಟಾಪಿನಲ್ಲಿವೆ. ಎರಡನೆಯವರ ಮಾತನ್ನು ನಂಬಿದವರು ಕತೆ ಮುಗಿಸುತ್ತಾರೆ ನಿಜ, ಆದರೆ ರೈಲಿನಡಿ ಹಾಕಿ ಮುಗಿಸುತ್ತಾರೆ. ಔಟ್‌ಲೈನ್ ಬೇಕು ಎನ್ನುವುದು ನನ್ನ ವಾದ. ಅದರ ಶಿಖರವನ್ನು ನಾವು ತಪ್ಪು ಜಾಗದಲ್ಲಿ ಇಡುತ್ತಿದ್ದೇವೆ ಎನ್ನುವುದೂ ನನ್ನದೇ ವಾದ.

ಈ ತ್ರಿಕೋನ ಬಂದದ್ದೆಲ್ಲಿಂದ? ಗುಸ್ತಾವ್ ಫ್ರೈಟಾಗ್ ಎಂಬ ಜರ್ಮನ್ ಲೇಖಕ 1863ರಲ್ಲಿ ನಾಟಕದ ತಂತ್ರದ ಬಗ್ಗೆ ಪುಸ್ತಕ ಬರೆದ. ಅವನ ಕಣ್ಣೆದುರು ಇದ್ದದ್ದು ಸಣ್ಣಕತೆಯಲ್ಲ. ಗ್ರೀಕ್ ದುರಂತಗಳು, ಶೇಕ್ಸ್‌ಪಿಯರ್, ಶಿಲ್ಲರ್, ಐದು ಅಂಕಗಳ ನಾಟಕ. ಅವನ ಐದು ಭಾಗಗಳಲ್ಲಿ ಶಿಖರ ಇರುವುದು ನಟ್ಟನಡುವೆ, ಕೊನೆಯ ಭಾಗದ ಹೆಸರು 'ದುರಂತ'. ಆಮೇಲೆ ಶಾಲೆಯ ಹಾಳೆಗೆ ಇಳಿಯುವಾಗ ಆ ಕೊನೆಯ ಹೆಸರು ಅಳಿದುಹೋಗಿ 'ಮುಕ್ತಾಯ', 'ಪರಿಹಾರ' ಎಂಬ ಸೌಮ್ಯವಾದ ಹೆಸರುಗಳು ಬಂದವು. ಚೌಕ ಕಳೆದುಕೊಂಡ ದುರಂತ ಹತ್ತಿ ಕೂತದ್ದು ಶಿಖರದ ಚೌಕದಲ್ಲಿ. ಫ್ರೈಟಾಗನ ಲೆಕ್ಕದಲ್ಲಿ ಶಿಖರವೆಂದರೆ ದೊಡ್ಡ ಸದ್ದಲ್ಲ, ನಾಯಕನ ಏರುಗತಿ ತಿರುಗುವ ಜಾಗ. ಮ್ಯಾಕ್‌ಬೆತ್ ಸಾಯುವುದು ಕೊನೆಯ ಅಂಕದಲ್ಲಿ. ಅಲ್ಲಿಗೆ ತಲುಪುವ ಎಷ್ಟೋ ಮೊದಲೇ ನಾಟಕ ತಿರುಗಿರುತ್ತದೆ, ತಿರುಗಿಸಿದ್ದು ಅವನೇ ಮಾಡಿದ ಕೆಲಸಗಳು.

ನಮ್ಮಲ್ಲೂ ಇದಿತ್ತು ಎಂದು ಯಾರಾದರೂ ನಾಟ್ಯಶಾಸ್ತ್ರದ ಐದು ಸಂಧಿಗಳನ್ನು ತೆಗೆಯುವ ಮೊದಲೇ ಹೇಳಿಬಿಡುತ್ತೇನೆ: ಇತ್ತು. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಅದೂ ನಾಟಕಕ್ಕೇ ಮಾಡಿದ್ದು. ಸಿಕ್ಕಿದ ಫಲ ಕೈತಪ್ಪುವಂತಾಗುವ ಗರ್ಭ ಮತ್ತು ವಿಮರ್ಶದ ಭಾಗಗಳು ಅಲ್ಲೂ ನಾಯಕನ ಪ್ರಯತ್ನಕ್ಕೇ ಗಂಟುಬಿದ್ದಿವೆ, ಆಕಸ್ಮಿಕಕ್ಕಲ್ಲ. ಹೆಮ್ಮೆಗೆ ಅಷ್ಟು ಸಾಕು.

ಈಗ ಹುಡುಗಿಯ ಹಾಳೆ. ಅವಳು ತುಂಬಿದ್ದು ಹೀಗಿತ್ತು. ಆರಂಭ: ಬೈಂದೂರಿನ ರಾಘು ಹದಿನಾರನೇ ವಯಸ್ಸಿಗೆ ಕುರ್ಲಾದ ಹೋಟೆಲಿಗೆ ಬರುತ್ತಾನೆ. ಏರಿಕೆ: ಮೂರು ವರ್ಷ ದುಡಿಯುತ್ತಾನೆ, ಅಮ್ಮನಿಗೆ ಕಾಯಿಲೆಯಾಗುತ್ತದೆ, ಧನಿ ರಜೆ ಕೊಡುವುದಿಲ್ಲ. ಶಿಖರ: ರಜೆ ಸಿಕ್ಕಿ ಎಲ್‌ಟಿಟಿಗೆ ಓಡುವಾಗ ಹಳಿ ದಾಟುತ್ತಾನೆ, ಲೋಕಲ್ ಬಡಿಯುತ್ತದೆ. ಇಳಿಕೆ: ಸುದ್ದಿ ಊರಿಗೆ ಹೋಗುತ್ತದೆ. ಮುಕ್ತಾಯ: ಹಣವೇ ಎಲ್ಲ ಅಲ್ಲ ಎಂದು ಎಲ್ಲರಿಗೂ ಅರ್ಥವಾಗುತ್ತದೆ.

"ಮಾಮ, ಐದೂ ಬಂತಲ್ಲ?" ಎಂದಳು.

"ಬಂತು. ಆ ರೈಲು ತೆಗೆದುಬಿಡು. ಮೊದಲೆರಡು ಚೌಕದಲ್ಲಿ ಏನಾದರೂ ಬದಲಾಯಿಸಬೇಕಾಗುತ್ತದಾ?"

ಸ್ವಲ್ಪ ಹೊತ್ತು ನೋಡಿ, ಇಲ್ಲ ಎಂದಳು. ಬಡಿದದ್ದು ರೈಲಾಗಲಿ, ಬೆಸ್ಟ್ ಬಸ್ಸಾಗಲಿ, ಡೆಂಗಿ ಜ್ವರವಾಗಲಿ, ಹಿಂದಿನ ಒಂದು ಸಾಲೂ ಅಲ್ಲಾಡುವುದಿಲ್ಲ. ಶಿಖರವನ್ನು ಕಿತ್ತಾಗ ಏರಿಕೆ ಕುಸಿಯದಿದ್ದರೆ ಆ ಏರಿಕೆ ಈ ಶಿಖರದ್ದಲ್ಲ ಎಂದರ್ಥ. ಔಟ್‌ಲೈನ್ ಹಂತದಲ್ಲಿ ಮಾಡಬಹುದಾದ ಅತಿ ಸುಲಭದ ಪರೀಕ್ಷೆ ಇದು. ಡ್ರಾಫ್ಟ್ ಬರೆದ ಮೇಲೆ ಇದೇ ಪರೀಕ್ಷೆ ಬಹಳ ಕಷ್ಟ. ಅಷ್ಟರಲ್ಲಿ ನಿಮಗೆ ನಿಮ್ಮ ಮಳೆಯ ವರ್ಣನೆಯ ಮೇಲೆ ಪ್ರೀತಿ ಹುಟ್ಟಿರುತ್ತದೆ.

ಎರಡನೇ ಪರೀಕ್ಷೆ ಕನ್ನಡದ ವ್ಯಾಕರಣವೇ ಮಾಡಿಕೊಡುತ್ತದೆ. ಶಿಖರದ ಚೌಕವನ್ನು ಪೂರ್ಣ ವಾಕ್ಯದಲ್ಲಿ ಬರೆದು, ಮುಖ್ಯ ಪಾತ್ರ ಯಾವ ವಿಭಕ್ತಿಯಲ್ಲಿದೆ ಎಂದು ನೋಡಿ. 'ರಾಘುವಿಗೆ ರೈಲು ಬಡಿಯಿತು', 'ರಾಘುವಿಗೆ ಗೊತ್ತಾಯಿತು', 'ರಾಘುವಿಗೆ ಅನ್ನಿಸಿತು'. ಎಲ್ಲದರಲ್ಲೂ ಚತುರ್ಥಿ! ಏನೋ ಬಂದು ಅವನ ಮೇಲೆ ಬೀಳುತ್ತಿದೆ, ಅವನು ಬರೀ ವಿಳಾಸ. ನಮ್ಮ ಭಾಷೆಯಲ್ಲಿ ಹಸಿವು, ನೋವು, ಅರಿವು ಎಲ್ಲ 'ಗೆ' ಹಿಡಿದೇ ಬರುತ್ತವೆ, ಆದ್ದರಿಂದ ಕನ್ನಡ ಕತೆಗಾರರಿಗೆ ಈ ಗುಂಡಿ ಹೆಚ್ಚು ಆಳ. ಶಿಖರದ ವಾಕ್ಯದಲ್ಲಿ ರಾಘು ಕರ್ತೃವಾಗಿರಬೇಕು, ಕ್ರಿಯಾಪದ ಅವನು ಮಾಡಿದ್ದಾಗಿರಬೇಕು, ಆಮೇಲೆ ಹಿಂತೆಗೆದುಕೊಳ್ಳಲು ಆಗದ್ದಾಗಿರಬೇಕು.

ಹಾಗಾದರೆ ರಾಘು ಏನು ಮಾಡಿದ? ಇದಕ್ಕೆ ಉತ್ತರ ಹುಡುಕಲು ಆರಂಭದಿಂದ ಹೊರಡಬಾರದು. ಎಡಗಡೆಯ ಮೊದಲ ಚೌಕದಿಂದ ತುಂಬಿಸುತ್ತ ಹೋದವರು ಅವನು ಹುಟ್ಟಿದ ಊರು, ಅಪ್ಪನ ಸಾಲ, ಬಂದ ಬಸ್ಸು ಎಂದು ಮೂರು ವರ್ಷಗಳನ್ನು ತುರುಕುತ್ತಾರೆ, ತುದಿ ತಲುಪುವಷ್ಟರಲ್ಲಿ ಉಸಿರುಗಟ್ಟಿ ರೈಲು ಕರೆಯುತ್ತಾರೆ. ತುದಿಯನ್ನು ಮೊದಲು ತುಂಬಬೇಕು. ಅದಕ್ಕೆ ಎರಡು ಪ್ರಶ್ನೆ ಸಾಕು: ಅವನಿಗೆ ಇವತ್ತು ಏನು ಬೇಕು, ಅದು ಸಿಗಬೇಕಾದರೆ ಯಾರಿಂದ ಏನನ್ನು ಕಿತ್ತುಕೊಳ್ಳಬೇಕು.

ಅವಳಿಗೆ ಹೋಟೆಲಿನ ಒಳಗು ಗೊತ್ತು, ಅವಳ ಅಜ್ಜ ಅಲ್ಲೇ ಬದುಕು ಕಳೆದವರು. ಒಬ್ಬ ಊರಿಗೆ ಹೋದರೆ ಅವನು ವಾಪಸು ಬರುವವರೆಗೆ ಇನ್ನೊಬ್ಬನಿಗೆ ರಜೆಯಿಲ್ಲ ಎಂಬ ಕಟ್ಟುಪಾಡು ಅಜ್ಜನ ಬಾಯಲ್ಲಿ ಕೇಳಿದ್ದಳು. ಅಷ್ಟು ಸಿಕ್ಕಿದ ಮೇಲೆ ಕತೆ ಅವಳ ಕೈಯಲ್ಲೇ ತಿರುಗಿತು. ರಾಘು ಈಗ ಗಲ್ಲಾದಲ್ಲಿ ಕೂರುತ್ತಾನೆ. ತಂಗಿಯ ನಿಶ್ಚಿತಾರ್ಥಕ್ಕೆ ಮೂರು ವರ್ಷದಲ್ಲಿ ಮೊದಲ ಸಲ ರಜೆ ಸಿಕ್ಕಿದೆ, ಮಧ್ಯಾಹ್ನ ಎಲ್‌ಟಿಟಿಯಿಂದ ಮತ್ಸ್ಯಗಂಧ ಹಿಡಿಯಬೇಕು. ಕೆಲಸದ ಹೊತ್ತಿನಲ್ಲಿ ಹುಡುಗರ ಮೊಬೈಲುಗಳೆಲ್ಲ ಗಲ್ಲಾದ ಡ್ರಾಯರಿನಲ್ಲಿರಬೇಕೆಂದು ಧನಿಯ ಆಜ್ಞೆ. ಊಟದ ರಶ್ಶಿನಲ್ಲಿ ಪಾತ್ರೆ ತೊಳೆಯುವ ಮಂಜಣ್ಣನ ಫೋನು ಬಡಿದುಕೊಳ್ಳುತ್ತದೆ. ರಾಘು ಎತ್ತುತ್ತಾನೆ. ಮಂಜಣ್ಣನ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಕೂಡಲೇ ಕಳಿಸಿ ಎನ್ನುತ್ತದೆ ಆ ಕಡೆಯ ದನಿ. ವಿಷಯ ಹೇಳಿದರೆ ಇವತ್ತು ಹೋಗುವವನು ಮಂಜಣ್ಣ, ಉಳಿಯುವವನು ರಾಘು. ಪಕ್ಕದಲ್ಲಿ ನಿಂತ ಧನಿ, ಯಾರದ್ದು ಫೋನು ಎಂದು ಕೇಳುತ್ತಾನೆ.

ರಾಘು "ರಾಂಗ್ ನಂಬರ್" ಎನ್ನುತ್ತಾನೆ.

ಶಿಖರ ಇದು. ಎರಡು ಪದ, ಸಾಂಬಾರಿನ ವಾಸನೆಯ ನಡುವೆ, ಯಾರಿಗೂ ಕೇಳಿಸದಷ್ಟು ಮೆತ್ತಗೆ. ರಾಘು ಕರ್ತೃ. ಇದನ್ನು ಕಿತ್ತರೆ ಇಡೀ ಕತೆ ಬೀಳುತ್ತದೆ.

ತುದಿ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ಚೌಕಗಳನ್ನು ಜೋಡಿಸುವಾಗ ನಡುವೆ ಯಾವ ಪದ ಕೂರುತ್ತದೆ ಎಂದು ಬಾಯಿಬಿಟ್ಟು ಓದಬೇಕು. 'ಆಮೇಲೆ' ಮಾತ್ರ ಕೂರುವ ಕಡೆ ಎರಡು ಘಟನೆಗಳು ಪಕ್ಕಪಕ್ಕ ಕೂತಿವೆ ಅಷ್ಟೆ. 'ಆದ್ದರಿಂದ' ಅಥವಾ 'ಆದರೆ' ಕೂತರೆ ಒಂದು ಇನ್ನೊಂದನ್ನು ಹೆತ್ತಿದೆ ಅಥವಾ ತಡೆದಿದೆ. ಒಬ್ಬರಿಗೇ ರಜೆ, ಆದ್ದರಿಂದ ರಾಘು ಸುಳ್ಳು ಹೇಳಿದ. ಸುಳ್ಳು ಹೇಳಿದ, ಆದರೆ... ಇಲ್ಲಿ ಹುಡುಗಿಯೇ ನಿಂತಳು.

"ಮಾಮ, ಅವ್ರು ಮತ್ತೆ ಫೋನ್ ಮಾಡ್ತ್ರ್ ಅಲ್ದಾ?"

ಔಟ್‌ಲೈನಿಗೆ ಮೂಗು ಮುರಿಯುವ ಹಿರಿಯರು ದಯವಿಟ್ಟು ಈ ಪ್ರಶ್ನೆಯ ಬೆಲೆ ನೋಡಿ. ಮೊದಲ ಡ್ರಾಫ್ಟಿನ ಒಂಬೈನೂರನೇ ಪದದಲ್ಲಿ ಈ ತೂತು ಕಂಡಿದ್ದರೆ ಅವಳು ಕತೆಯನ್ನೇ ಮುಚ್ಚಿಡುತ್ತಿದ್ದಳು, ಇಲ್ಲವೇ ಓದುಗರಿಗೆ ಕಾಣದಿರಲಿ ಎಂದು ಮೇಲೆ ಮಣ್ಣು ಹಾಕುತ್ತಿದ್ದಳು. ಹಾಳೆಯ ಮೇಲೆ ಕಂಡದ್ದರಿಂದ ಐದು ನಿಮಿಷದ ಕೆಲಸವಾಯಿತು. ಫೋನ್ ಮತ್ತೆ ಬಂದೇ ಬರುತ್ತದೆ, ಹಾಗಾಗಿ ರಾಘು ಅದನ್ನು ಆಫ್ ಮಾಡಬೇಕು, ಬಂದ ಕರೆಯ ಗುರುತನ್ನೂ ಅಳಿಸಬೇಕು. ಸುಳ್ಳು ಬಾಯಿಂದ ಬೆರಳಿಗೆ ಇಳಿಯಿತು, ಇನ್ನಷ್ಟು ಕೆಟ್ಟದಾಯಿತು, ಕತೆಗೆ ಅದೇ ಬೇಕಿತ್ತು. ಆದರೆ ಆಫ್ ಮಾಡಿದ ಫೋನು ಎಷ್ಟು ಹೊತ್ತು ಕಾಪಾಡೀತು? ಕೆಲವೇ ಗಂಟೆ. ಹಾಗಾಗಿ ಕತೆಯೂ ಕೆಲವೇ ಗಂಟೆಯದಾಯಿತು. ಊಟದ ರಶ್ಶಿಗೆ ಶುರುವಾಗಿ ರೈಲು ಹೊರಡುವುದರೊಳಗೆ ಮುಗಿಯಬೇಕು. ಮೂರು ವರ್ಷದ ಜೀವನಚರಿತ್ರೆ ಒಂದು ಮಧ್ಯಾಹ್ನವಾದದ್ದು ಹೀಗೆ, ಯಾರೋ 'ಕಾಲದ ಐಕ್ಯ ಪಾಲಿಸು' ಎಂದು ಹೇಳಿದ್ದರಿಂದಲ್ಲ.

ಸುಳ್ಳಿನ ನಂತರ ಏನು? ಹಾಳೆಯ ತ್ರಿಕೋನದಲ್ಲಿ ಇಳಿಕೆ ಒಂದು ಜಾರುಬಂಡಿ. ಎಲ್ಲರೂ ಅಲ್ಲಿ ಒಂದು ಸಾಲು ಬರೆದು ಮುಗಿಸುತ್ತಾರೆ. ಈ ಕತೆಯಲ್ಲಿ ಜೀವ ಇರುವುದೇ ಅಲ್ಲಿ. ಕೆಲಸ ಮುಗಿಸಿದ ಮಂಜಣ್ಣ, ರಾಘು ಊರಿಗೆ ಹೋಗುತ್ತಿದ್ದಾನೆಂದು ಖುಷಿಪಟ್ಟು ಅವನ ಬ್ಯಾಗನ್ನು ತಾನೇ ಹೆಗಲಿಗೇರಿಸುತ್ತಾನೆ. ಆಟೋಕ್ಕೆ ಯಾಕೆ ದುಡ್ಡು, ನಡೆದೇ ಹೋಗುವ ಎನ್ನುತ್ತಾನೆ. ಫೋನು ನೋಡಿ, ಚಾರ್ಜಿಲ್ಲ ಮಾರಾಯ ಎಂದು ಕಿಸೆಗೆ ಹಾಕುತ್ತಾನೆ. ಎಲ್‌ಟಿಟಿ ತನಕ ಇಬ್ಬರೂ ಜೊತೆಗೆ ನಡೆಯುತ್ತಾರೆ. ದಾರಿಯುದ್ದಕ್ಕೂ ರಾಘುವಿಗೆ ಹೇಳಲು ಸಮಯವಿದೆ, ಅವನು ಹೇಳುವುದಿಲ್ಲ. ಬೋಗಿಯ ಕಿಟಕಿಯಲ್ಲಿ ಮಂಜಣ್ಣ ಒಂದು ಪೊಟ್ಟಣ ಕೊಟ್ಟು, ನಮ್ಮ ಮನೆ ನಿಮ್ಮ ದಾರಿಯಲ್ಲೇ ಅಲ್ವಾ, ಅಮ್ಮನಿಗೆ ಕೊಟ್ಟು ಹೋಗು ಎನ್ನುತ್ತಾನೆ. ರೈಲು ಹೊರಡುತ್ತದೆ. ಯಾರಿಗೂ ಬಡಿಯುವುದಿಲ್ಲ.

ಈಗ ಪದಗಳ ಲೆಕ್ಕ ಹಾಕಿದೆವು. ಒಂದೂವರೆ ಸಾವಿರದಲ್ಲಿ ಗಲ್ಲಾ, ಡ್ರಾಯರು, ರಜೆಯ ಕಟ್ಟುಪಾಡು ಕಾಣಿಸುವ ಆರಂಭಕ್ಕೆ ಇನ್ನೂರು. ಫೋನು ಬಡಿದುಕೊಳ್ಳುವುದರಿಂದ ಧನಿಯ ಪ್ರಶ್ನೆಯವರೆಗಿನ ಏರಿಕೆಗೆ ನಾನೂರು. ಸುಳ್ಳಿಗೆ ನೂರು. ನಡಿಗೆಗೆ ಆರುನೂರು. ಕಿಟಕಿಗೆ ಇನ್ನೂರು. ಇದನ್ನು ಗೆರೆಯಾಗಿ ಬರೆದರೆ ಸಮಭುಜ ತ್ರಿಕೋನ ಬರುವುದಿಲ್ಲ. ಎಡಗಡೆ ಮೊಂಡು, ಬಲಗಡೆ ಉದ್ದದ ಇಳಿಜಾರು, ಪಡುಘಟ್ಟವನ್ನು ಮೇಲಿನ ದಾರಿಯಿಂದ ನೋಡಿದ ಹಾಗೆ. ಬರಬೇಕಾದದ್ದೂ ಹಾಗೆಯೇ. ಐದು ಅಂಕದ ನಾಟಕಕ್ಕೆ ಒಂದು ಸಂಜೆಯಿಡೀ ಸಿಗುತ್ತದೆ, ಸಣ್ಣಕತೆಗೆ ಕುರ್ಲಾದಿಂದ ಸಿಎಸ್‌ಎಂಟಿವರೆಗಿನ ಲೋಕಲಿನಷ್ಟೇ ಹೊತ್ತು. ಎರಡಕ್ಕೂ ಒಂದೇ ಅಳತೆಯ ಅಂಗಿ ಹೊಲಿದರೆ ಯಾರಿಗೆ ಕೂತೀತು?

ಹಾಳೆ ತಿದ್ದುವವರ ಜೊತೆ ನನ್ನ ಜಗಳ ಇಲ್ಲಿಂದ ಶುರು. ಅವಳ ಹೊಸ ಔಟ್‌ಲೈನ್ ಎರಡು ಕೆಂಪು ಟಿಪ್ಪಣಿ ಹೊತ್ತು ವಾಪಸು ಬಂತು. ಶಿಖರದಲ್ಲಿ ಸಾಕಷ್ಟು ಸಂಘರ್ಷವಿಲ್ಲ ಎಂಬುದು ಒಂದು. ಮುಕ್ತಾಯದಲ್ಲಿ ಪರಿಹಾರವಿಲ್ಲ ಎಂಬುದು ಇನ್ನೊಂದು. ಮೊದಲ ಹಾಳೆಗೆ ಇಂಥ ಟಿಪ್ಪಣಿ ಬರುತ್ತಿರಲಿಲ್ಲ ಎಂದು ಬರೆದು ಕೊಡಬಲ್ಲೆ. ಹೆಣ ಇತ್ತಲ್ಲ, ಸಂಘರ್ಷ ಬೇಕಾದಷ್ಟು. 'ಹಣವೇ ಎಲ್ಲ ಅಲ್ಲ' ಎಂಬ ನೀತಿಯೂ ಇತ್ತು, ಪರಿಹಾರವೂ ಸಿಕ್ಕಂತೆ. ಸದ್ದನ್ನು ಸಂಘರ್ಷ ಎಂದೂ ಉಪದೇಶವನ್ನು ಪರಿಹಾರ ಎಂದೂ ಓದುವ ಕಣ್ಣಿಗೆ ಗಲ್ಲಾದಲ್ಲಿ ಕೂತ ಹುಡುಗನ ಎರಡು ಪದ ಕಾಣುವುದಿಲ್ಲ. ಇದರಲ್ಲಿ ಮಾರ್ಕಿಗಿಂತ ದೊಡ್ಡ ನಷ್ಟವಿದೆ. ನಮ್ಮಂಥ ವಲಸೆಗಾರರ ಬದುಕಿನಲ್ಲಿ ನಡೆಯುವುದೆಲ್ಲ ಈ ಅಳತೆಯದ್ದೇ: ಯಾರಿಗೆ ರಜೆ, ಯಾರ ಫೋನು, ಯಾರ ಬಳಿ ಏನು ಹೇಳಲಿಲ್ಲ. ಇವು ಶಿಖರವಲ್ಲ ಎಂದು ಇಪ್ಪತ್ತರ ಹುಡುಗಿಗೆ ಕಲಿಸಿದರೆ, ತನ್ನ ಅಜ್ಜನ ಹೋಟೆಲಿನಲ್ಲಿ ಕತೆಯಿರಲಿಲ್ಲ ಎಂದೇ ಅವಳು ನಂಬುತ್ತಾಳೆ. ಕತೆ ಬೇಕಾದಾಗ ಹಳಿಯ ಕಡೆ ನೋಡುತ್ತಾಳೆ.

ಇನ್ನೂ ಒಂದು ರೋಗವಿದೆ. ಕತೆ ಔಟ್‌ಲೈನಿಗೆ ಹೊಂದುತ್ತದೆಯೇ ಎಂದು ತಾಳೆ ನೋಡಿ, ಹೊಂದದಿದ್ದರೆ ಅಂಕ ಕಡಿಯುವುದು. ಇದು ಪೂರ್ತಿ ತಿರುಗುಮುರುಗು. ಔಟ್‌ಲೈನ್ ಕತೆಯ ಮೊದಲ ಊಹೆ, ಬರೆಯುವಾಗ ಅದು ಸುಳ್ಳಾಗುವುದು ಸಹಜ. ಡ್ರಾಫ್ಟಿನ ನಡಿಗೆಯ ಭಾಗದಲ್ಲಿ ಮಂಜಣ್ಣ ಒಂದು ಕಡೆ ಬ್ಯಾಗ್ ಇಳಿಸಿ, "ನಿನ್ ಮುಖ ಎಂತಕ್ಕೆ ಹೀಂಗಿತ್ತ್?" ಎಂದು ಕೇಳಿದ. ಅದು ಯಾವ ಚೌಕದಲ್ಲೂ ಇರಲಿಲ್ಲ. ಅವನಿಗೆ ಅನುಮಾನ ಬಂದಿದೆಯೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿ, ಪೊಟ್ಟಣ ಕೊಡುವ ಕೈಯ ಅರ್ಥವೇ ಬೇರೆಯಾಯಿತು. ಅಂಕ ಕೊಡುವುದಿದ್ದರೆ ಇದಕ್ಕೆ ಕೊಡಬೇಕು. ಕತೆಯ ಜೊತೆ ಹಳೆಯ ಔಟ್‌ಲೈನನ್ನೂ ತರಿಸಿ, ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಎಂದು ಅರ್ಧ ಪುಟ ಬರೆಸಲಿ. ಔಟ್‌ಲೈನ್ ಮಾಡದವರಿಗೆ ಆ ಅರ್ಧ ಪುಟ ಬರೆಯಲಾಗದು. ಅದನ್ನು ದಾಟದವರಿಗೂ ಆಗದು.

ಪಿರಮಿಡ್ಡಿಗೆ ಎಟುಕದ ಕತೆಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಜಯಂತ ಕಾಯ್ಕಿಣಿಯವರ 'ದಗಡೂ ಪರಬನ ಅಶ್ವಮೇಧ'ದಲ್ಲಿ ಮದುವೆಯ ಕುದುರೆ ವರನನ್ನು ಹೊತ್ತು ಓಡಿಹೋಗುತ್ತದೆ. ನಮ್ಮ ಹಾಳೆಯ ಪ್ರಕಾರ ಆ ಓಟ ತುದಿಯಲ್ಲಿರಬೇಕು, ಆದರೆ ಅಲ್ಲಿ ಕತೆ ಹೊರಡುವುದೇ ಓಟದಿಂದ. ಯಶವಂತ ಚಿತ್ತಾಲರ 'ಶಿಕಾರಿ' 1979ರದ್ದು, ಕಾದಂಬರಿ, ಸಣ್ಣಕತೆಯಲ್ಲ. ಅದರಲ್ಲೂ ನಾಗಪ್ಪನಿಗೆ ಬೀಳಬೇಕಾದ ಪೆಟ್ಟು ನಾವು ಪುಟ ತೆರೆಯುವ ಹೊತ್ತಿಗೆ ಬಿದ್ದಾಗಿರುತ್ತದೆ. ಇಂಥ ಬರಹಗಳನ್ನು ಐದು ಚೌಕಕ್ಕೆ ಹಿಂಡುವುದು ಮೂರ್ಖತನ. ಬರೆಯುವ ಮೊದಲು ಹೇಗೆ ಗೊತ್ತಾಗಬೇಕು? ಶಿಖರದ ವಾಕ್ಯ ಎಷ್ಟು ಸಲ ಬರೆದರೂ ಚತುರ್ಥಿಯಲ್ಲೇ ಉಳಿಯುತ್ತದೆ, ಆದರೂ ಕತೆ ನಿಮ್ಮನ್ನು ಬಿಡುವುದಿಲ್ಲ ಎಂದಾದರೆ, ಅಲ್ಲಿ ನಡೆಯುತ್ತಿರುವುದು ಮಾಡುವಿಕೆಯಲ್ಲ, ಕಾಣುವಿಕೆ. ಆಗ ಹಾಳೆಯನ್ನು ಮಡಚಿಟ್ಟು ಬರೆಯಲು ಕೂರುವುದೇ ಸರಿ. ಅದಕ್ಕೂ ಆ ಚೌಕವನ್ನು ಒಮ್ಮೆಯಾದರೂ ಪ್ರಾಮಾಣಿಕವಾಗಿ ತುಂಬಲು ಹೋಗಿರಬೇಕು.

ಹುಡುಗಿ ಕೆಂಪು ಟಿಪ್ಪಣಿಗೆ ಉತ್ತರವಾಗಿ ಶಿಖರ ಬದಲಾಯಿಸಲಿಲ್ಲ. ಪೊಟ್ಟಣದಲ್ಲಿ ಏನಿದೆ ಎಂದು ಔಟ್‌ಲೈನಿನಲ್ಲಿ ಬರೆಯಲೇ ಎಂದು ಕೇಳಿದಳು, ಬೇಡ ಎಂದೆ. ಡ್ರಾಫ್ಟಿನಲ್ಲಿ ಅವಳು ಅದರೊಳಗೆ ಇಟ್ಟದ್ದು ಅರ್ಧ ಕಿಲೋ ಚಹಾಪುಡಿ ಮತ್ತು ಮಂಜಣ್ಣನ ಹಳೆಯ ಕನ್ನಡಕ. ಅಮ್ಮನಿಗೂ ಅದೇ ನಂಬರ್ ಆಗುತ್ತದೆಂದು ಅವನಿಗೆ ಯಾರೋ ಹೇಳಿದ್ದಾರಂತೆ.